ಓಹಾಯೋದ ಬಾಟಲಿಯೂ ಬೆಂಗಳೂರಿನ ಎದೆಹಾಲೂ

ತಾಯಿ ಕಾರ್ಡಿನ ಒಳಪುಟದಲ್ಲಿರುವ ಬೆಳವಣಿಗೆ ಪಟ್ಟಿಯ ಬಗ್ಗೆ ನಮ್ಮಲ್ಲಿ ಒಂದು ಮಾತು ಬೇರೂರಿದೆ. ರಾಜಾಜಿನಗರದ ಮಕ್ಕಳ ಕ್ಲಿನಿಕ್ಕಿನ ಹೊರಗೆ ಕಾಯುವ ಅಜ್ಜಿಯರೂ ವಿಜಯನಗರದ ಓದಿದ ಅಪ್ಪಂದಿರೂ ಅದನ್ನೇ ಹೇಳುತ್ತಾರೆ: "ಅದು ವಿಶ್ವ ಆರೋಗ್ಯ ಸಂಸ್ಥೆಯವರದು, ಬಿಳಿಯರ ಮಕ್ಕಳ ಲೆಕ್ಕ. ನಮ್ಮ ಮಕ್ಕಳ ಮೈಕಟ್ಟೇ ಸಣ್ಣದು. ನಮಗೆ ನಮ್ಮದೇ ಪಟ್ಟಿ ಬೇಕು." ಕೆಲವು ವೈದ್ಯರೂ ಇದಕ್ಕೆ ತಲೆಯಾಡಿಸುತ್ತಾರೆ. ಕೇಳಲು ಸ್ವಾಭಿಮಾನದ ಮಾತಿನಂತಿದೆ. ಆದರೆ ಇದರ ಅರ್ಧ ಭಾಗ ಚರಿತ್ರೆಯನ್ನೇ ತಿರುಗಿಸಿ ಹೇಳುತ್ತದೆ, ಉಳಿದರ್ಧ ಬೇರೆ ಬೇರೆಯಾದ ಎರಡು ಪ್ರಶ್ನೆಗಳನ್ನು ಒಂದೇ ಎಂದು ಭಾವಿಸುತ್ತದೆ. ಇದರ ಪರಿಣಾಮ ಎಳೆಗೂಸುಗಳ ಹಾಲಿನ ಮೇಲೆ ಆಗುತ್ತದೆ. ಆದ್ದರಿಂದ ಈ ಮಾತನ್ನು ಬಿಡಿಸಿ ನೋಡಲೇಬೇಕು.

ಮೊದಲು ಚರಿತ್ರೆ. ಕರ್ನಾಟಕದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ಟಿ. ನರಸೀಪುರದಲ್ಲಿ ಶುರುವಾಯಿತು. ಅಂಗನವಾಡಿಗಳಲ್ಲಿ ಅಂದಿನಿಂದ ಮೂರು ದಶಕ ಬಳಕೆಯಲ್ಲಿದ್ದದ್ದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 1972ರಲ್ಲಿ ಒಪ್ಪಿದ ವರ್ಗೀಕರಣ. ಮಗುವಿನ ತೂಕ ಅದರ ವಯಸ್ಸಿನ ಮಾದರಿ ತೂಕದ ಶೇ. 80ಕ್ಕಿಂತ ಕೆಳಗಿಳಿದರೆ ಒಂದನೇ ಗ್ರೇಡ್, 70ಕ್ಕಿಂತ ಕೆಳಗೆ ಎರಡನೇ ಗ್ರೇಡ್, ಹೀಗೆ ನಾಲ್ಕರವರೆಗೆ. ಹೆಸರು ಭಾರತದ್ದೇ ಆದರೂ ಆ ಮಾದರಿ ತೂಕ ಬಂದದ್ದು ಹಾರ್ವರ್ಡ್ ಪಟ್ಟಿಯಿಂದ. ಅಂದರೆ ಎರಡನೇ ಮಹಾಯುದ್ಧದ ಮೊದಲಿನ ಅಮೆರಿಕದ ಮಕ್ಕಳನ್ನು ಅಳೆದು ಮಾಡಿದ ಲೆಕ್ಕ ಅದು. ಸಮೀಕ್ಷೆಗಳಲ್ಲಿ ಬಳಕೆಯಲ್ಲಿದ್ದ ಇನ್ನೊಂದು ಪಟ್ಟಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಅಂಕಿಅಂಶ ಕೇಂದ್ರ 1977ರಲ್ಲಿ ಹೊರತಂದದ್ದು, ಎನ್‌ಸಿಎಚ್‌ಎಸ್ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಜಗತ್ತಿಗೆಲ್ಲ ಶಿಫಾರಸು ಮಾಡಿತ್ತು. ಹಾಗಾಗಿ ಹೊರದೇಶದ ಒಂದೇ ಊರಿನ ಪಟ್ಟಿ ನಮ್ಮ ಮೇಲೆ ಹೇರಲ್ಪಟ್ಟದ್ದು ನಿಜ. ಆದರೆ ಹಾಗೆ ಹೇರಲ್ಪಟ್ಟದ್ದು ಇಂದಿನ ಪಟ್ಟಿಯಲ್ಲ, 2008ರಲ್ಲಿ ಅಂಗನವಾಡಿಗಳು ಕೈಬಿಟ್ಟ ಹಳೆಯ ಪಟ್ಟಿ.

ಆ ಎನ್‌ಸಿಎಚ್‌ಎಸ್ ಪಟ್ಟಿಯಲ್ಲಿ ಹುಟ್ಟಿನಿಂದ ಮೂರು ವರ್ಷದವರೆಗಿನ ಗೆರೆಗಳು ಬಂದದ್ದು ಓಹಾಯೋ ರಾಜ್ಯದ ಯೆಲ್ಲೋ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಫೆಲ್ಸ್ ಅಧ್ಯಯನದಿಂದ. 1929ರಿಂದ 1975ರವರೆಗೆ ಅಲ್ಲಿ ಹುಟ್ಟಿದ, ಬಹುಪಾಲು ಮಧ್ಯಮ ವರ್ಗದ ಬಿಳಿಯ ಮಕ್ಕಳು ಅವರು. ಆ ಕಾಲದ ಅಮೆರಿಕದಲ್ಲಿ ಎದೆಹಾಲು ಹಿಂದೆ ಸರಿದು ಬಾಟಲಿ ಮುಂದೆ ಬಂದಿತ್ತು. ಅವರಲ್ಲಿ ಹೆಚ್ಚಿನವರು ಪುಡಿಹಾಲು ಕುಡಿದವರು, ಎದೆಹಾಲು ಕುಡಿದವರಲ್ಲೂ ಹಲವರು ಬೇಗ ಬಿಟ್ಟವರು. ಇನ್ನೊಂದು ಕೊರತೆಯೂ ಇತ್ತು. ಮೊದಲ ತಿಂಗಳು ಕಳೆದ ಮೇಲೆ ಅವರನ್ನು ಮೂರು ತಿಂಗಳಿಗೊಮ್ಮೆ ಅಳೆಯುತ್ತಿದ್ದರು. ಕೂಸು ಅತಿ ವೇಗವಾಗಿ ಬೆಳೆಯುವ ಮೊದಲ ಹನ್ನೆರಡು ವಾರಗಳ ನಿಜವಾದ ಆಕಾರವನ್ನು ಇಷ್ಟು ವಿರಳವಾದ ಅಳತೆಯಿಂದ ಹಿಡಿಯಲು ಆಗದು. ನಡುವಿನ ಗೆರೆಯನ್ನು ಗಣಿತದಿಂದ ತುಂಬಿಸಿದರು.

ಇಂದಿನ ಪಟ್ಟಿ ಹುಟ್ಟಿದ ಬಗೆಯೇ ಬೇರೆ. 1997ರಿಂದ 2003ರವರೆಗೆ ಆರು ಊರುಗಳಲ್ಲಿ ಸುಮಾರು 8,440 ಮಕ್ಕಳನ್ನು ಅಳೆದರು: ಬ್ರೆಜಿಲ್‌ನ ಪೆಲೋಟಸ್, ಘಾನಾದ ಅಕ್ರಾ, ನಮ್ಮ ದಕ್ಷಿಣ ದೆಹಲಿ, ನಾರ್ವೆಯ ಓಸ್ಲೋ, ಒಮಾನ್‌ನ ಮಸ್ಕತ್, ಅಮೆರಿಕದ ಡೇವಿಸ್. ಯಾವ ಮಗು ಬೇಕಾದರೂ ಇದಕ್ಕೆ ಸೇರುವಂತಿರಲಿಲ್ಲ. ತಿಂಗಳು ತುಂಬಿ ಒಂಟಿಯಾಗಿ ಹುಟ್ಟಿರಬೇಕು, ತಾಯಿ ಧೂಮಪಾನ ಮಾಡುವವಳಾಗಿರಬಾರದು, ಮನೆಯಲ್ಲಿ ಬೆಳವಣಿಗೆಗೆ ಅಡ್ಡಿಯಾಗುವ ಬಡತನ ಇರಬಾರದು. ಎರಡು ವರ್ಷದವರೆಗೆ ಬೆನ್ನುಹಿಡಿದು ಅಳೆದ ಕೂಸುಗಳಿಗೆ ಇನ್ನೂ ಕಟ್ಟುನಿಟ್ಟು: ಕನಿಷ್ಠ ನಾಲ್ಕು ತಿಂಗಳು ಎದೆಹಾಲೇ ಮುಖ್ಯ ಆಹಾರ, ಆರು ತಿಂಗಳೊಳಗೆ ಮೇಲು ಆಹಾರ ಶುರು, ಒಂದು ವರ್ಷವಾದರೂ ಎದೆಹಾಲು ಮುಂದುವರಿಕೆ. ಮೊದಲ ಎರಡು ತಿಂಗಳು ಕೆಲವೇ ವಾರಗಳಿಗೊಮ್ಮೆ, ಆಮೇಲೆ ವರ್ಷ ತುಂಬುವವರೆಗೆ ಪ್ರತಿ ತಿಂಗಳು ಅಳೆದರು. ಫಲಿತಾಂಶ 2006ರಲ್ಲಿ ಬಂತು.

ಎರಡರ ಉದ್ದೇಶವೇ ಬೇರೆ ಎನ್ನುವುದು ಇಲ್ಲಿ ಕಾಣುತ್ತದೆ. ಒಂದು ಜಾಗದಲ್ಲಿ, ಒಂದು ಕಾಲದಲ್ಲಿ ಮಕ್ಕಳು ಹೇಗಿದ್ದರು ಎಂಬುದನ್ನು ಹಳೆಯ ಪಟ್ಟಿ ದಾಖಲಿಸಿತು. ಅವರು ಏನು ಕುಡಿದರು, ಅದು ಸರಿಯೇ ಎಂದು ಅದು ಕೇಳಲಿಲ್ಲ. ಅಡ್ಡಿಯಿಲ್ಲದೆ, ಸರಿಯಾದ ಆಹಾರದಲ್ಲಿ ಮಗು ಹೇಗೆ ಬೆಳೆಯುತ್ತದೆ ಎಂದು ಹೊಸದು ಕೇಳಿತು. ಹಳೆಯದು ಒಂದು ಸಮಾಜದ ಅಭ್ಯಾಸದ ಚಿತ್ರವಾದರೆ ಹೊಸದು ಅಳತೆಗೋಲು. "ನಮ್ಮದೇ ರಾಷ್ಟ್ರೀಯ ಪಟ್ಟಿ ಬೇಕು" ಎನ್ನುವವರು ಇವೆರಡರಲ್ಲಿ ಯಾವುದನ್ನು ಕೇಳುತ್ತಿದ್ದಾರೆ ಎಂದು ಹೇಳುವುದೇ ಇಲ್ಲ.

ಇನ್ನು ವ್ಯತ್ಯಾಸದ ಹೂರಣಕ್ಕೆ ಬರೋಣ. ಹೊಸ ಪಟ್ಟಿ ಹಳೆಯದಕ್ಕಿಂತ ಒಟ್ಟಾರೆ ಮೇಲೋ ಕೆಳಗೋ ಎಂದು ಹಲವರು ಕೇಳುತ್ತಾರೆ. ಎರಡೂ ಅಲ್ಲ, ಅದರ ಆಕಾರವೇ ಬೇರೆ. ಹೆಣ್ಣುಮಕ್ಕಳ ನಡುಗೆರೆಯನ್ನು ತೆಗೆದುಕೊಳ್ಳಿ. ಎರಡರಲ್ಲೂ ಹುಟ್ಟಿದಾಗ 3.2 ಕಿಲೋ. ಮೂರು ತಿಂಗಳಿಗೆ ಹಳೆಯ ಪಟ್ಟಿಯಲ್ಲಿ 5.4 ಕಿಲೋ, ಹೊಸದರಲ್ಲಿ 5.8. ಆರು ತಿಂಗಳಿಗೆ ಎರಡೂ ಹತ್ತಿರ ಬರುತ್ತವೆ, 7.2 ಮತ್ತು 7.3. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಒಂದು ವರ್ಷಕ್ಕೆ ಹಳೆಯದು 9.5 ಬೇಡುತ್ತದೆ, ಹೊಸದು 8.9. ಅಂದರೆ ಆರರಿಂದ ಹನ್ನೆರಡು ತಿಂಗಳ ನಡುವೆ ಓಹಾಯೋದ ಕೂಸು 2.3 ಕಿಲೋ ಏರುತ್ತದೆ, ಎದೆಹಾಲಿನ ಕೂಸು 1.6 ಕಿಲೋ. ಗಂಡುಮಕ್ಕಳಲ್ಲೂ ಇದೇ ಕಥೆ. ಮೂರು ತಿಂಗಳಿಗೆ ಹೊಸ ಪಟ್ಟಿ 6.4, ಹಳೆಯದು 6.0. ವರ್ಷಕ್ಕೆ ಹೊಸದು 9.6, ಹಳೆಯದು 10.2.

ಹೀಗೇಕೆ? ಎದೆಹಾಲು ಕುಡಿಯುವ ಕೂಸು ತನಗೆ ಬೇಕಾದಷ್ಟು ಕುಡಿದು ಬಿಡುತ್ತದೆ. ಬಾಟಲಿಯಲ್ಲಿ ಎಷ್ಟು ಹೋಗಬೇಕೆಂದು ಕೊಡುವವರು ನಿರ್ಧರಿಸುತ್ತಾರೆ, ತಳ ಕಾಣುವವರೆಗೆ ಕುಡಿಸುತ್ತಾರೆ. ಎದೆಹಾಲಿನಲ್ಲಿ ಪ್ರೋಟೀನು ನೂರು ಮಿಲಿಗೆ ಸುಮಾರು ಒಂದು ಗ್ರಾಂ, ಹಸುವಿನ ಹಾಲಿನಲ್ಲಿ ಮೂರಕ್ಕೂ ಹೆಚ್ಚು, ಪುಡಿಹಾಲಿನಲ್ಲಿ ಎದೆಹಾಲಿಗಿಂತ ಜಾಸ್ತಿ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಕ್ಯಾಥರಿನ್ ಡ್ಯೂಯಿ ಮತ್ತು ಸಂಗಡಿಗರು ಎರಡೂ ಬಗೆಯ ಕೂಸುಗಳನ್ನು ಒಂದೇ ರೀತಿಯ ಕುಟುಂಬಗಳಿಂದ ಆರಿಸಿ ಹಿಂಬಾಲಿಸಿದರು. ಮೂರು ತಿಂಗಳ ನಂತರ ಎದೆಹಾಲಿನ ಕೂಸುಗಳ ತೂಕ ಏರುವ ವೇಗ ಕಡಿಮೆಯಾಗುತ್ತ ಬಂತು, ಆದರೆ ಉದ್ದದಲ್ಲೂ ತಲೆಯ ಸುತ್ತಳತೆಯಲ್ಲೂ ಅವು ಹಿಂದೆ ಬೀಳಲಿಲ್ಲ. ಕಡಿಮೆಯಾದದ್ದು ಮೈಯ ಕೊಬ್ಬು. ಮೇಲು ಆಹಾರ ಶುರುವಾದ ಮೇಲೂ ಅವು ಕಡಿಮೆ ತಿಂದವು, ಮುಂದಿಟ್ಟದ್ದನ್ನು ಬಿಟ್ಟವು. ಹಾಲು ಸಾಲದೆ ಹಾಗಾಗಿದ್ದರೆ ಅವು ಮುಂದಿಟ್ಟ ಆಹಾರದ ಮೇಲೆ ಬೀಳಬೇಕಿತ್ತು. ಹಾಗಾಗಲಿಲ್ಲ. ಆ ವಯಸ್ಸಿನಲ್ಲಿ ನಿಧಾನವಾಗುವುದೇ ಅವುಗಳ ಸಹಜ ಬೆಳವಣಿಗೆ. ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಬಲವಾಗಿ ಕಾಣುವ ಸಾಕ್ಷ್ಯ ಇದು. ತೂಕ ಕಡಿಮೆಯಾದರೆ ಹಾಲು ಸಾಲದು ಎಂಬ ನಂಬಿಕೆಯ ಬುಡವನ್ನೇ ಇದು ಅಲುಗಿಸುತ್ತದೆ.

ಒಂದು ಮಗುವಿನ ಲೆಕ್ಕ ಹಿಡಿದು ನೋಡೋಣ. ಇದು ಯಾರ ಮನೆಯ ಮಗುವೂ ಅಲ್ಲ, ಲೆಕ್ಕಕ್ಕಾಗಿ ಇಟ್ಟುಕೊಂಡದ್ದು. ಬಸವೇಶ್ವರನಗರದ ಒಂದು ಹೆಣ್ಣುಕೂಸು. ಮೂರು ತಿಂಗಳಿಗೆ 4.4 ಕಿಲೋ, ಆರಕ್ಕೆ 6.0, ಒಂಬತ್ತಕ್ಕೆ 6.7, ವರ್ಷಕ್ಕೆ 7.3. ಕಡಿಮೆ ತೂಕ ಎನ್ನುವ ಗಡಿ, ಅಂದರೆ ನಡುಗೆರೆಯಿಂದ ಎರಡು ವಿಚಲನೆ ಕೆಳಗಿನ ಗೆರೆ, ಹಳೆಯ ಎನ್‌ಸಿಎಚ್‌ಎಸ್ ಪಟ್ಟಿಯಲ್ಲಿ ಮೂರು ತಿಂಗಳಿಗೆ 3.9 ಕಿಲೋ, ಹೊಸದರಲ್ಲಿ 4.5. ಆಗ ಹಳೆಯ ಪಟ್ಟಿ "ಪರವಾಗಿಲ್ಲ" ಎನ್ನುತ್ತದೆ, ಹೊಸದು "ಈ ಮಗುವನ್ನು ನೋಡಿ" ಎನ್ನುತ್ತದೆ. ಆರು ಮತ್ತು ಒಂಬತ್ತು ತಿಂಗಳಲ್ಲಿ ಎರಡೂ ಒಪ್ಪುತ್ತವೆ, ಒಂಬತ್ತರಲ್ಲಿ ಹಳೆಯದು ಕೂದಲೆಳೆಯಲ್ಲಿ. ವರ್ಷಕ್ಕೆ ಗಡಿ ಹಳೆಯದರಲ್ಲಿ 7.4, ಹೊಸದರಲ್ಲಿ 7.0. ಈಗ ಮಾತು ತಿರುಗುಮುರುಗು: ಹಳೆಯ ಪಟ್ಟಿಯಲ್ಲಿ ಮಗು ಕಡಿಮೆ ತೂಕದ್ದಾಯಿತು, ಹೊಸದರಲ್ಲಿ ಹಸಿರು ಪಟ್ಟಿಯೊಳಗಿದೆ.

ಇದರ ಪರಿಣಾಮವನ್ನು ಯೋಚಿಸಿ. ಮೂರು ತಿಂಗಳಲ್ಲಿ ಆ ತಾಯಿಗೆ ನೆರವು ಬೇಕಿತ್ತು. ಕೂಸು ಎದೆಯನ್ನು ಸರಿಯಾಗಿ ಬಾಯಿಗೆ ಹಿಡಿಯುತ್ತಿದೆಯೇ, ರಾತ್ರಿ ಹಾಲೂಡಿಸುತ್ತಿದ್ದಾಳೆಯೇ, ನಡುವೆ ಯಾರಾದರೂ ಸಕ್ಕರೆ ನೀರು, ಗ್ರೈಪ್ ವಾಟರ್ ಕೊಡುತ್ತಿದ್ದಾರೆಯೇ, ಕೂಸಿಗೆ ಸೋಂಕೇನಾದರೂ ಇದೆಯೇ ಎಂದು ನೋಡಬೇಕಾದ ಗಳಿಗೆ ಅದು. ಹಳೆಯ ಪಟ್ಟಿ ಅದನ್ನು ದಾಟಿಸಿಬಿಟ್ಟಿತು. ಒಂಬತ್ತು ತಿಂಗಳ ಆಚೆ, ಗೆರೆ ಸಹಜವಾಗಿ ಬಾಗುವ ಹೊತ್ತಿನಲ್ಲಿ, ಅದೇ ಪಟ್ಟಿ ಗಾಬರಿ ಎಬ್ಬಿಸಿತು. ಅಲ್ಲಿಂದ "ನಿನ್ನ ಹಾಲಲ್ಲಿ ಸತ್ವ ಇಲ್ಲ ಕಣಮ್ಮ" ಎಂಬ ಮಾತು, ಆ ಮಾತಿನ ಬೆನ್ನಿಗೆ ಡಬ್ಬಿ ಹಾಲು. ಡಬ್ಬಿ ಬಂದ ಮೇಲೆ ಕೂಸು ಎದೆಗೆ ಬರುವುದು ಕಡಿಮೆಯಾಗುತ್ತದೆ, ಹೀರುವುದು ಕಡಿಮೆಯಾದರೆ ಹಾಲು ನಿಜವಾಗಿಯೂ ಇಳಿಯುತ್ತದೆ. ಹೇಳಿದ ಮಾತು ಹೀಗೆ ತಾನೇ ನಿಜವಾಗುತ್ತದೆ.

ಹಳೆಯ ಪಟ್ಟಿಯನ್ನು ಕೈಬಿಟ್ಟರೂ ಅದರ ನೆರಳು ಹೋಗಿಲ್ಲ. ಮಕ್ಕಳ ವೈದ್ಯಶಾಸ್ತ್ರದ ತರಗತಿಗಳಲ್ಲಿ ಬಾಯಿಪಾಠ ಮಾಡಿಸುವ ಸೂತ್ರವೊಂದಿದೆ: ಮೂರರಿಂದ ಹನ್ನೆರಡು ತಿಂಗಳವರೆಗೆ, ತಿಂಗಳ ಸಂಖ್ಯೆಗೆ ಒಂಬತ್ತು ಕೂಡಿಸಿ ಎರಡರಿಂದ ಭಾಗಿಸಿದರೆ ಇರಬೇಕಾದ ತೂಕ. ಹನ್ನೆರಡು ತಿಂಗಳಿಗೆ ಅದು 10.5 ಕಿಲೋ ಕೊಡುತ್ತದೆ. ಇಂದಿನ ಪಟ್ಟಿಯಲ್ಲಿ ಹೆಣ್ಣುಮಗುವಿನ ನಡುಗೆರೆ 8.9, ಒಂದು ವಿಚಲನೆ ಮೇಲಿನ ಗೆರೆಯೇ 10.1. ಅಂದರೆ "ಇರಬೇಕಾದ ತೂಕ" ಎಂದು ಹೇಳಿದ್ದು ಬಹುಪಾಲು ಆರೋಗ್ಯವಂತ ಹೆಣ್ಣುಕೂಸುಗಳು ಮುಟ್ಟದ ತೂಕ. "ಒಂದು ವರ್ಷಕ್ಕೆ ಹತ್ತು ಕಿಲೋ" ಎನ್ನುವ ಮನೆಮಾತಿಗೂ ಇದೇ ಗತಿ. ಹೆಣ್ಣುಮಕ್ಕಳ ತಾಯಂದಿರಿಗೆ ಈ ಹತ್ತು ಕಿಲೋ ಕೊಡುವ ಅಪರಾಧಿ ಭಾವನೆಗೆ ಯಾವ ಆಧಾರವೂ ಇಲ್ಲ.

ಹೊಸ ಪಟ್ಟಿ ನಮ್ಮನ್ನು ಕೀಳಾಗಿ ತೋರಿಸಲು ಮಾಡಿದ್ದು ಎಂಬ ಆಕ್ಷೇಪಕ್ಕೆ ನಮ್ಮ ಸಮೀಕ್ಷೆಯೇ ಉತ್ತರ ಕೊಟ್ಟಿದೆ. 2005-06ರ ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ ಮೂರು ವರ್ಷದೊಳಗಿನ ಅದೇ ಮಕ್ಕಳನ್ನು ಎರಡೂ ಪಟ್ಟಿಗಳಲ್ಲಿ ಅಳೆದು ತೋರಿಸಿತು. ಕಡಿಮೆ ತೂಕದವರು ಹಳೆಯ ಪಟ್ಟಿಯಲ್ಲಿ ಶೇ. 46, ಹೊಸದರಲ್ಲಿ ಶೇ. 40. ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಹಳೆಯದರಲ್ಲಿ ಶೇ. 38, ಹೊಸದರಲ್ಲಿ ಶೇ. 45. ಒಂದು ಇಳಿಯಿತು, ಇನ್ನೊಂದು ಏರಿತು. ನಮ್ಮನ್ನು ಹೀಗಳೆಯುವ ಉದ್ದೇಶವಿದ್ದರೆ ತೂಕದ ಲೆಕ್ಕ ಇಳಿಯಬೇಕಿರಲಿಲ್ಲ. ಬಾಟಲಿ ಹಾಲಿನ ಕೊಬ್ಬು ಲೆಕ್ಕದಿಂದ ಹೊರಬಿದ್ದಾಗ ತೂಕದ ಗೆರೆ ಕೆಳಗಿಳಿಯಿತು. ಅಡ್ಡಿಯಿಲ್ಲದೆ ಬೆಳೆದ ಮಕ್ಕಳ ಉದ್ದ ಲೆಕ್ಕಕ್ಕೆ ಬಂದಾಗ ಎತ್ತರದ ಗೆರೆ ಮೇಲೇರಿತು. ನಮ್ಮ ಮಕ್ಕಳಲ್ಲಿ ತೂಕಕ್ಕಿಂತ ಎತ್ತರದ ಕೊರತೆ ದೊಡ್ಡದು ಎಂಬ ಸತ್ಯವನ್ನು ಹಳೆಯ ಪಟ್ಟಿ ಮುಚ್ಚಿಟ್ಟಿತ್ತು.

ಇಷ್ಟು ಹೇಳಿದ ಮೇಲೂ ಎದುರುಪಕ್ಷದ ಗಟ್ಟಿಯಾದ ವಾದವನ್ನು ಬದಿಗೊತ್ತುವುದು ನ್ಯಾಯವಲ್ಲ. ಅರ್ಥಶಾಸ್ತ್ರಜ್ಞ ಅರವಿಂದ ಪನಗಾರಿಯ 2013ರಲ್ಲಿ, ಭಾರತದ ಮಕ್ಕಳ ಗಿಡ್ಡತನದಲ್ಲಿ ವಂಶದ ಪಾಲಿದೆ, ಈ ಪಟ್ಟಿ ಅಪೌಷ್ಟಿಕತೆಯನ್ನು ಉಬ್ಬಿಸುತ್ತದೆ ಎಂದು ವಾದಿಸಿದರು. ನಮ್ಮ ಊರಿನವರೇ ಆದ, ಸೇಂಟ್ ಜಾನ್ಸ್‌ನ ಅನುರಾ ಕುರ್ಪಾಡ್ ಮತ್ತು ದೆಹಲಿಯ ಎಚ್.ಪಿ.ಎಸ್. ಸಚ್‌ದೇವ್ ವಿಜ್ಞಾನಿಗಳಾಗಿ ಅದೇ ದಿಕ್ಕಿನಲ್ಲಿ ಹೆಚ್ಚು ಎಚ್ಚರದಿಂದ ಮಾತಾಡಿದ್ದಾರೆ. ಕೊರತೆಯಿಲ್ಲದ ಮಗುವಿಗೆ ಕೊರತೆಯ ಹಣೆಪಟ್ಟಿ ಹಚ್ಚಿ ಕ್ಯಾಲೊರಿ ತುಂಬಿಸಿದರೆ ಮುಂದೆ ಬೊಜ್ಜು, ಸಕ್ಕರೆ ಕಾಯಿಲೆ ಬಂದೀತು ಎಂಬ ಅವರ ಆತಂಕ ಸುಳ್ಳಲ್ಲ. ಪಟ್ಟಿಯ ದುರ್ಬಲ ಜಾಗವೊಂದು ನನಗೂ ಕಾಣುತ್ತದೆ, ಅದು ತಲೆಯ ಸುತ್ತಳತೆ. ಬೇರೆ ಬೇರೆ ಜನಸಮೂಹಗಳಲ್ಲಿ ಆರೋಗ್ಯವಂತ ಮಕ್ಕಳ ತಲೆಯ ಅಳತೆ ಈ ಪಟ್ಟಿಗೆ ಎಲ್ಲೆಡೆ ಹೊಂದುವುದಿಲ್ಲ. ಒಂದೇ ಅಳತೆ ನೋಡಿ ತಲೆ ಚಿಕ್ಕದು, ದೊಡ್ಡದು ಎಂದು ಸ್ಕ್ಯಾನಿಗೆ ಓಡಿಸುವುದು ತಪ್ಪು.

ಆದರೆ ಉದ್ದದ ವಿಷಯದಲ್ಲಿ ಆ ವಾದ ನಿಲ್ಲುವುದಿಲ್ಲ. ಆರು ಊರುಗಳ ಅಧ್ಯಯನದಲ್ಲಿ ಮಕ್ಕಳ ಉದ್ದದ ಒಟ್ಟು ವ್ಯತ್ಯಾಸದ ಸುಮಾರು ಶೇ. 70 ಒಂದೇ ಊರಿನ ಮಕ್ಕಳ ನಡುವೆ ಇತ್ತು, ಊರು ಊರಿನ ನಡುವಿನದು ಶೇ. 3 ಮಾತ್ರ. ದೆಹಲಿಯ ತಾಯಂದಿರು ಓಸ್ಲೋದ ತಾಯಂದಿರಿಗಿಂತ ಗಿಡ್ಡ, ಆದರೂ ಮಕ್ಕಳ ಉದ್ದ ಹತ್ತಿರ ಹತ್ತಿರ ಬಂತು. ದೆಹಲಿಯವರು ಸಿರಿವಂತರು, ಅವರು ನಮ್ಮ ಲೆಕ್ಕಕ್ಕಿಲ್ಲ ಎನ್ನುವವರಿದ್ದಾರೆ. ಅವರನ್ನು ಆರಿಸಿದ್ದೇ ಆ ಕಾರಣಕ್ಕೆ. ಬಡತನ ಅಡ್ಡ ಬರದಿದ್ದರೆ ಭಾರತದ ಕೂಸು ಎಷ್ಟು ಬೆಳೆಯಬಲ್ಲದು ಎಂಬುದನ್ನು ಬಡತನದಲ್ಲಿರುವ ಕೂಸನ್ನು ಅಳೆದು ತಿಳಿಯಲಾಗದು. ತಾಯಿಯ ಕುಳ್ಳು ಮೈಯಿಂದ ಮಗುವಿನ ಎತ್ತರ ಒಂದೇ ತಲೆಮಾರಿನಲ್ಲಿ ಪೂರ್ತಿ ಏರಲಾರದು ಎನ್ನುವುದನ್ನು ಒಪ್ಪುತ್ತೇನೆ. ಅದರಿಂದ ಗುರಿ ಮುಟ್ಟಲು ಹೆಚ್ಚು ಕಾಲ ಬೇಕು ಎಂದಾಗುತ್ತದೆಯೇ ಹೊರತು ಗುರಿಯನ್ನೇ ಕೆಳಗಿಳಿಸಬೇಕು ಎಂದಾಗುವುದಿಲ್ಲ.

ಎರಡು ಪ್ರಶ್ನೆಗಳು ಒಂದಾಗಿವೆ ಎಂದೆನಲ್ಲ, ಅವು ಇವು. ಮೂರು ನಾಲ್ಕು ವರ್ಷದ ಮಗು ಎಷ್ಟು ಎತ್ತರ ಇರಬೇಕು ಎಂಬುದರ ಮೇಲೆ ವಾದಕ್ಕೆ ಇನ್ನೂ ಜಾಗವಿದೆ. ಮೊದಲ ವರ್ಷದಲ್ಲಿ ಗೆರೆ ಹೇಗೆ ಬಾಗಬೇಕು ಎಂಬುದರ ಮೇಲೆ ಇಲ್ಲ. ಅದು ಎದೆಹಾಲಿನ ಗುಣ, ದೇಶದ ಗುಣವಲ್ಲ. ಭಾರತದ ಆರೋಗ್ಯವಂತ ಎದೆಹಾಲಿನ ಕೂಸುಗಳಿಂದಲೇ ನಾಳೆ ಹೊಸ ಪಟ್ಟಿ ಮಾಡಿದರೂ ಅದು ಮೊದಲ ಮೂರು ತಿಂಗಳು ಕಡಿದಾಗಿ ಏರಿ, ಆಮೇಲೆ ಬಾಗುತ್ತದೆ. ಅದರ ಬದಲು ಇರುವ ಎಲ್ಲ ಮಕ್ಕಳ ಸರಾಸರಿಯನ್ನು ಹಾಕಿದರೆ, 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟಿದ್ದ ಗಿಡ್ಡತನ ಕಾಗದದ ಮೇಲೆ ಕರಗುತ್ತದೆ. ಒಂದು ಚಮಚ ರಾಗಿ ಸರಿ ಹೆಚ್ಚು ತಿನ್ನಿಸದೆ, ಒಂದು ನಲ್ಲಿಗೆ ಶುದ್ಧ ನೀರು ಬಿಡದೆ.

ಹೊಸ ಪಟ್ಟಿಯ ದುರ್ಬಳಕೆಯ ಬಗ್ಗೆ ಅದನ್ನು ಮೆಚ್ಚುವವರು ಸಾಮಾನ್ಯವಾಗಿ ಮಾತಾಡುವುದಿಲ್ಲ. ಮೊದಲ ಮೂರು ತಿಂಗಳು ಅದರ ಗೆರೆ ಕಡಿದು. ಅಧ್ಯಯನದ ತಾಯಂದಿರಿಗೆ ಹಾಲೂಡಿಸುವ ಬಗ್ಗೆ ತರಬೇತಿ ಪಡೆದವರ ನೆರವಿತ್ತು, ಮನೆಯಲ್ಲಿ ಅನುಕೂಲವಿತ್ತು. ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುವ, ಕೆಂಗೇರಿಯ ಬಾಡಿಗೆ ಮನೆಯಲ್ಲಿ ಬಾಣಂತನ ಮುಗಿಸುವ ತಾಯಿಗೆ ಅಂಥ ನೆರವು ಸಿಗುವುದು ಅಪರೂಪ. ಎರಡು ತಿಂಗಳಲ್ಲಿ ಆಕೆಯ ಕೂಸು ಹಸಿರಿನಿಂದ ಹಳದಿಗೆ ಇಳಿದಾಗ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಲೂಡಿಸುವುದನ್ನು ನೋಡುವ ಬದಲು ಡಬ್ಬಿ ಹಾಲು ಬರೆದುಕೊಟ್ಟರೆ, ಎದೆಹಾಲಿನ ಮಕ್ಕಳಿಂದ ಮಾಡಿದ ಪಟ್ಟಿಯೇ ಎದೆಹಾಲನ್ನು ಬಿಡಿಸಿದಂತಾಗುತ್ತದೆ. 2017ರಿಂದ ಹೆರಿಗೆ ರಜೆ 26 ವಾರ, ಇಎಸ್‌ಐನಲ್ಲೂ ಅಷ್ಟೇ. ಅಂದರೆ ಗೆರೆ ಸಹಜವಾಗಿ ಬಾಗತೊಡಗಿದ ಮೇಲೆಯೇ ತಾಯಿ ಕೆಲಸಕ್ಕೆ ಮರಳುತ್ತಾಳೆ. ಆಗ ಕಾಣುವ ನಿಧಾನದಲ್ಲಿ ಎಷ್ಟು ಸಹಜ, ಎಷ್ಟು ಕೊರತೆ ಎಂದು ಒಂದೇ ತೂಕದಿಂದ ಹೇಳಲಾಗದು.

ಹೇಳುವ ದಾರಿಗಳಿವೆ. ಒಂದು ಚುಕ್ಕಿ ಏನನ್ನೂ ಸಾಬೀತು ಮಾಡುವುದಿಲ್ಲ, ಎರಡು ಮೂರು ಚುಕ್ಕಿಗಳ ದಿಕ್ಕು ಮಾಡುತ್ತದೆ. 2.6 ಕಿಲೋ ತೂಕದಲ್ಲಿ ಹುಟ್ಟಿದ ಕೂಸು ಕೆಳಗಿನ ಗೆರೆಗೆ ಸಮಾನಾಂತರವಾಗಿ ಏರುತ್ತಿದ್ದರೆ ಅದು ತನ್ನ ದಾರಿಯಲ್ಲಿದೆ. ಗೆರೆಗಳನ್ನು ದಾಟಿ ಕೆಳಗಿಳಿಯುತ್ತಿದ್ದರೆ, ಇನ್ನೂ ಹಸಿರಿನಲ್ಲಿದ್ದರೂ ಎಚ್ಚರ ಬೇಕು. ತೂಕದ ಜೊತೆ ಉದ್ದವನ್ನೂ ಅಳೆಯಬೇಕು. ತೂಕ ನಿಧಾನವಾಗಿ, ಉದ್ದ ತನ್ನ ಗೆರೆಯಲ್ಲೇ ಇದ್ದರೆ ಆರು ತಿಂಗಳ ಆಚೆ ಅದು ಬಹುತೇಕ ಸಹಜ. ಎರಡೂ ಇಳಿದರೆ ಅಲ್ಲ. ಮೊದಲ ತಿಂಗಳುಗಳಲ್ಲಿ ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಮೂತ್ರ ಮಾಡುವ, ಕುಡಿದು ತೃಪ್ತಿಯಿಂದ ಬಿಡುವ ಕೂಸಿಗೆ ಹಾಲು ಸಾಲುತ್ತಿದೆ. ಒಮ್ಮೆ ಬಟ್ಟೆ ಸಮೇತ, ಇನ್ನೊಮ್ಮೆ ಬಟ್ಟೆಯಿಲ್ಲದೆ ತೂಗಿದ್ದು, ಬೇರೆ ಬೇರೆ ಯಂತ್ರದಲ್ಲಿ ತೂಗಿದ್ದು, ವಯಸ್ಸನ್ನು ಒಂದು ತಿಂಗಳು ಹೆಚ್ಚಾಗಿ ಹಾಕಿದ್ದು, ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ವಯಸ್ಸನ್ನು ತಿದ್ದದೆ ಹಾಕಿದ್ದು: ಇಲ್ಲದ ಕೊರತೆ ಎಷ್ಟೋ ಸಲ ಹುಟ್ಟುವುದೇ ಇವುಗಳಿಂದ.

ಹೀಗಾಗಿ ಮೊದಲ ವರ್ಷದ ಮಟ್ಟಿಗೆ ನನ್ನ ತೀರ್ಮಾನ ಸ್ಪಷ್ಟ: ತಾಯಿ ಕಾರ್ಡಿನ ಪಟ್ಟಿ ಪರದೇಶದ್ದಲ್ಲ, ಅದನ್ನು ಬದಲಿಸಬೇಕಾಗಿಲ್ಲ. ವೈದ್ಯರು ಆ 10.5 ಕಿಲೋ ಸೂತ್ರವನ್ನು ಮರೆಯಲಿ. ಪಾಠಪುಸ್ತಕ ಬರೆಯುವವರು ಅದನ್ನು ತೆಗೆದುಹಾಕಲಿ. ನಿಮ್ಮ ಮಗುವಿನ ತೂಕ ಕಡಿಮೆ ಎಂದು ಯಾರಾದರೂ ಹೇಳಿದರೆ, ಡಬ್ಬಿ ಕೊಳ್ಳುವ ಮೊದಲು ಮೂರು ವಿಷಯ ಕೇಳಿ: ಯಾವ ಪಟ್ಟಿಯ ಪ್ರಕಾರ, ಹಿಂದಿನ ತೂಕ ಎಷ್ಟಿತ್ತು, ಉದ್ದ ಅಳೆದಿದ್ದೀರಾ.